ಒಂದು ಕೇರಂ ಹೊಡೆತ, ಎರಡು ಕೋನ, ಪೂರ್ತಿ ಲೆಕ್ಕ

ಕೇರಂ ಆಡುವವರಿಗೆಲ್ಲ ಗೊತ್ತಿರುವ ಹೊಡೆತ ಇದು. ಕಾಯಿನ್ ಪಾಕೆಟ್‌ನ ನೇರಕ್ಕೆ ಇಲ್ಲದಿದ್ದಾಗ ಸ್ಟ್ರೈಕರನ್ನು ಅದರ ನಡುವಿಗೆ ಹೊಡೆಯದೆ ಸ್ವಲ್ಪ ಪಕ್ಕಕ್ಕೆ ತಗಲುವಂತೆ ಬಿಡುತ್ತೇವೆ. ಕಾಯಿನ್ ಒಂದು ಕಡೆ ಓರೆಯಾಗಿ ಚಿಮ್ಮುತ್ತದೆ, ಸ್ಟ್ರೈಕರ್ ತನ್ನ ದಾರಿಯಿಂದ ತುಸು ವಾಲಿ ಇನ್ನೊಂದು ಕಡೆ ಸಾಗುತ್ತದೆ. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ 'ಎರಡು ಆಯಾಮದ ಡಿಕ್ಕಿ' ಎಂಬ ಹೆಸರಿನಲ್ಲಿ ಬರುವುದು ಇದೇ.

ಪುಸ್ತಕದಲ್ಲಿ ಈ ಭಾಗಕ್ಕೆ ಒಂದು ಚಿತ್ರ ಇರುತ್ತದೆ. ಎಡದಿಂದ ಬರುವ ಒಂದು ಬಾಣ, ಡಿಕ್ಕಿಯ ಬಿಂದು, ಅಲ್ಲಿಂದ ಮೇಲಕ್ಕೊಂದು ಕೆಳಕ್ಕೊಂದು ಓರೆ ಬಾಣ, ಎರಡು ಕೋನ. ವಿದ್ಯಾರ್ಥಿಗಳು ಎಡವುವುದು ಬಹುಪಾಲು ಸಮೀಕರಣದಲ್ಲಲ್ಲ, ಈ ಚಿತ್ರದಲ್ಲಿ. ಕೋನವನ್ನು ಎಲ್ಲಿಂದ ಅಳೆಯಬೇಕು, ಎಲ್ಲಿ ಸೈನ್ ಹಾಕಬೇಕು, ಎಲ್ಲಿ ಕೊಸೈನ್, ಯಾವುದಕ್ಕೆ ಮೈನಸ್ ಎಂಬುದು ತಿಳಿಯಾಗದೆ ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ. ಚಿತ್ರ ಸರಿಯಾಗಿ ಬರೆದರೆ ಬಾಯಿಪಾಠ ಬೇಕಾಗುವುದಿಲ್ಲ. ಅಷ್ಟೇ ಅಲ್ಲ, ಆ ಎರಡು ಕೋನಗಳು ಗೊತ್ತಿದ್ದರೆ ಡಿಕ್ಕಿಯ ನಂತರದ ಎರಡೂ ವೇಗಗಳನ್ನು ಅಳೆಯದೆಯೇ ಕಂಡುಹಿಡಿಯಬಹುದು. ಒಂದೇ ಒಂದು ಕೇರಂ ಹೊಡೆತವನ್ನು ಹಿಡಿದುಕೊಂಡು ಅದನ್ನು ಕೊನೆಯವರೆಗೆ ನೋಡೋಣ.

ನಮ್ಮ ಹೊಡೆತ

ಪಂದ್ಯಗಳಲ್ಲಿ ಬಳಸುವ ಸ್ಟ್ರೈಕರ್ 15 ಗ್ರಾಂ ಮೀರುವಂತಿಲ್ಲ. ಕಾಯಿನ್ 5ರಿಂದ 5.5 ಗ್ರಾಂ ತೂಗುತ್ತದೆ. ಲೆಕ್ಕ ಸಲೀಸಾಗಲೆಂದು ಸ್ಟ್ರೈಕರ್ 15 ಗ್ರಾಂ, ಕಾಯಿನ್ 5 ಗ್ರಾಂ ಎಂದುಕೊಳ್ಳೋಣ. ಅಂದರೆ ಸ್ಟ್ರೈಕರಿನ ದ್ರವ್ಯರಾಶಿ ಕಾಯಿನ್‌ನದಕ್ಕಿಂತ ಮೂರು ಪಟ್ಟು. ಈ ಮೂರು ಪಟ್ಟು ಎಂಬ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ಸ್ಟ್ರೈಕರ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಎಡದಿಂದ ಬಲಕ್ಕೆ ಬಂದು, ನಿಂತಿದ್ದ ಕಾಯಿನ್‌ಗೆ ಬಡಿಯುತ್ತದೆ. ಕಾಯಿನ್‌ನ ಕೇಂದ್ರ ಸ್ಟ್ರೈಕರ್ ಬರುವ ಗೆರೆಯಿಂದ ಸ್ವಲ್ಪ ಕೆಳಗಿದೆ. ಎಷ್ಟು ಕೆಳಗೆ? ಸ್ಟ್ರೈಕರಿನ ವ್ಯಾಸ ಸುಮಾರು 4.1 ಸೆಂ.ಮೀ., ಕಾಯಿನ್‌ನದು ಸುಮಾರು 3.1 ಸೆಂ.ಮೀ. ಎರಡೂ ಮುಟ್ಟಿಕೊಂಡ ಕ್ಷಣದಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ಇರುವ ದೂರ ಎರಡರ ತ್ರಿಜ್ಯಗಳ ಮೊತ್ತ, ಅಂದರೆ 3.6 ಸೆಂ.ಮೀ. ಕಾಯಿನ್‌ನ ಕೇಂದ್ರ 1.8 ಸೆಂ.ಮೀ. ಕೆಳಗಿದ್ದರೆ ಕೇಂದ್ರಗಳನ್ನು ಸೇರಿಸುವ ಗೆರೆ 30 ಡಿಗ್ರಿ ಕೆಳಮುಖವಾಗಿರುತ್ತದೆ, ಏಕೆಂದರೆ 1.8 ಎಂಬುದು 3.6ರ ಅರ್ಧ, ಮತ್ತು ಸೈನ್ 30 ಅರ್ಧ. ಬಿಲ್ಲೆಗಳ ಅಂಚುಗಳ ನಡುವೆ ಉಜ್ಜಾಟ ಇಲ್ಲದಿದ್ದರೆ ತಳ್ಳುವಿಕೆ ಈ ಗೆರೆಯ ಉದ್ದಕ್ಕೂ ಮಾತ್ರ ಆಗುತ್ತದೆ. ನಿಂತಿದ್ದ ಕಾಯಿನ್ ತಳ್ಳಿದ ಕಡೆಗೇ ಹೋಗಬೇಕು. ಕಾಯಿನ್ 30 ಡಿಗ್ರಿಗೆ ಹೋಗಲು ಕಾರಣ ಅದು. ಕಟ್ ಹೊಡೆಯುವ ಆಟಗಾರ ಕಣ್ಣಳತೆಯಲ್ಲೇ ಹುಡುಕುವುದೂ ಈ 1.8 ಸೆಂಟಿಮೀಟರನ್ನೇ.

ಡಿಕ್ಕಿಯ ನಂತರ ಕಾಯಿನ್ ಕೆಳಕ್ಕೆ 30 ಡಿಗ್ರಿ ಕೋನದಲ್ಲೂ ಸ್ಟ್ರೈಕರ್ ಮೇಲಕ್ಕೆ 17 ಡಿಗ್ರಿ ಕೋನದಲ್ಲೂ ಹೋದವು ಎನ್ನಿ. ಇಷ್ಟೇ ನಮಗೆ ಗೊತ್ತಿರುವುದು. ಎರಡರ ವೇಗ ಎಷ್ಟು? ಡಿಕ್ಕಿಯಲ್ಲಿ ಶಕ್ತಿ ಎಷ್ಟು ಪೋಲಾಯಿತು?

ಮೊದಲು ಚಿತ್ರ

ಬಿಳಿ ಹಾಳೆಯ ನಡುವೆ ಒಂದು ಚುಕ್ಕೆ ಇಡಿ. ಅದು ಡಿಕ್ಕಿಯ ಬಿಂದು. ಎಡದಿಂದ ಆ ಚುಕ್ಕೆಯವರೆಗೆ ಅಡ್ಡವಾಗಿ ಒಂದು ಬಾಣ ಎಳೆಯಿರಿ, ಇದು ಬರುತ್ತಿರುವ ಸ್ಟ್ರೈಕರ್. ಈಗ ಅದೇ ಗೆರೆಯನ್ನು ಚುಕ್ಕೆಯಾಚೆ ಬಲಕ್ಕೆ ಚುಕ್ಕಿಗೆರೆಯಾಗಿ ಮುಂದುವರಿಸಿ. ಡಿಕ್ಕಿ ಆಗದೆ ಇದ್ದಿದ್ದರೆ ಸ್ಟ್ರೈಕರ್ ಹೋಗುತ್ತಿದ್ದ ದಾರಿ ಅದು. ಈ ಚುಕ್ಕಿಗೆರೆಯೇ ನಮ್ಮ x ಅಕ್ಷ. ಎರಡೂ ಕೋನಗಳನ್ನು ಅಳೆಯಬೇಕಾದ್ದು ಇದರಿಂದಲೇ, ಬೋರ್ಡಿನ ಅಂಚಿನಿಂದಲ್ಲ, ಒಂದು ಬಾಣದಿಂದ ಇನ್ನೊಂದು ಬಾಣಕ್ಕೂ ಅಲ್ಲ.

ಚುಕ್ಕಿಗೆರೆಯ ಮೇಲೆ 17 ಡಿಗ್ರಿಗೆ ಸ್ಟ್ರೈಕರಿನ ಬಾಣ, ಕೆಳಗೆ 30 ಡಿಗ್ರಿಗೆ ಕಾಯಿನ್‌ನ ಬಾಣ ಎಳೆಯಿರಿ. ಪ್ರತಿ ಬಾಣದ ಪಕ್ಕ ದ್ರವ್ಯರಾಶಿ ಮತ್ತು ವೇಗ ಬರೆಯಿರಿ. ಗೊತ್ತಿಲ್ಲದ ವೇಗಗಳಿಗೆ v1, v2 ಎಂದಿರಲಿ.

x ಅಕ್ಷವನ್ನು ಸ್ಟ್ರೈಕರ್ ಬರುವ ದಾರಿಗೇ ಹೊಂದಿಸಿದ್ದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಡಿಕ್ಕಿಗೆ ಮುಂಚೆ y ದಿಕ್ಕಿನಲ್ಲಿ ಯಾವ ಚಲನೆಯೂ ಇಲ್ಲ. ಆದ್ದರಿಂದ ಡಿಕ್ಕಿಯ ನಂತರವೂ y ದಿಕ್ಕಿನ ಒಟ್ಟು ಸಂವೇಗ ಸೊನ್ನೆಯೇ ಆಗಬೇಕು. ಕಾಯಿನ್ ಕೆಳಕ್ಕೆ ಎಷ್ಟು ಸಂವೇಗ ಒಯ್ದಿತೋ ಸ್ಟ್ರೈಕರ್ ಮೇಲಕ್ಕೆ ಅಷ್ಟನ್ನೇ ಒಯ್ಯಬೇಕು. ಎರಡೂ ಒಂದೇ ಕಡೆಗೆ ವಾಲಿದ ಚಿತ್ರ ಎಲ್ಲಾದರೂ ಕಂಡರೆ ಅದು ತಪ್ಪು ಚಿತ್ರ.

ಬೋರ್ಡಿನ ಉಜ್ಜಾಟ ಇದೆಯಲ್ಲ, ಸಂವೇಗ ಹೇಗೆ ಉಳಿದೀತು ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಉಜ್ಜಾಟ ಬಿಲ್ಲೆಗಳ ವೇಗವನ್ನು ಪ್ರತಿ ಸೆಕೆಂಡಿಗೆ 1 ಮೀಟರಿನಷ್ಟು ತಗ್ಗಿಸುತ್ತದೆ ಎಂದೇ ಇಟ್ಟುಕೊಳ್ಳಿ. ಎರಡು ಗಟ್ಟಿ ಬಿಲ್ಲೆಗಳು ಒಂದನ್ನೊಂದು ಮುಟ್ಟಿರುವುದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಡಿಮೆ ಹೊತ್ತು. ಅದು ಸೆಕೆಂಡಿನ ಸಾವಿರದ ಒಂದು ಭಾಗ ಎಂದು ಹಿಡಿದರೂ, ಅಷ್ಟರಲ್ಲಿ ಉಜ್ಜಾಟ ಕದಿಯುವುದು ಸೆಕೆಂಡಿಗೆ 1 ಮಿಲಿಮೀಟರ್ ವೇಗ ಮಾತ್ರ. ನಮ್ಮ ಸ್ಟ್ರೈಕರಿನ ವೇಗ ಸೆಕೆಂಡಿಗೆ 2000 ಮಿಲಿಮೀಟರ್. ಡಿಕ್ಕಿಗೆ ತುಸು ಮುಂಚೆ ಮತ್ತು ತುಸು ನಂತರ ಎಂದು ಲೆಕ್ಕ ಹಿಡಿದರೆ ಉಜ್ಜಾಟವನ್ನು ಬಿಟ್ಟುಬಿಡಬಹುದು.

ಎರಡು ದಿಕ್ಕು, ಎರಡು ಸಾಲು

ಓರೆ ಬಾಣ ಒಂದನ್ನು ಅಡ್ಡ ಮತ್ತು ಲಂಬ ಭಾಗಗಳಾಗಿ ಒಡೆಯುವುದು ಮುಂದಿನ ಕೆಲಸ. ಬಾಣದ ತುದಿಯಿಂದ ಚುಕ್ಕಿಗೆರೆಗೆ ಒಂದು ಲಂಬ ಇಳಿಸಿ. ಲಂಬಕೋನ ತ್ರಿಭುಜ ಸಿಗುತ್ತದೆ. ಕೋನವನ್ನು ಮುಟ್ಟಿಕೊಂಡಿರುವ ಅಡ್ಡ ಬದಿಗೆ ಕೊಸೈನ್, ಕೋನಕ್ಕೆ ಎದುರಾಗಿರುವ ಲಂಬ ಬದಿಗೆ ಸೈನ್. ಕೋನವನ್ನು x ಅಕ್ಷದಿಂದ ಅಳೆದಿರುವುದರಿಂದ ಅಡ್ಡಕ್ಕೆ ಕೊಸೈನ್ ಬಂತು. ಪ್ರಶ್ನೆಪತ್ರಿಕೆಯಲ್ಲಿ 'ಲಂಬ ರೇಖೆಯೊಂದಿಗೆ 60 ಡಿಗ್ರಿ' ಎಂದು ಕೊಟ್ಟಿದ್ದರೆ ಮೊದಲು ಅದನ್ನು 90ರಿಂದ ಕಳೆದು 30 ಮಾಡಿಕೊಳ್ಳಿ. ಸೈನ್, ಕೊಸೈನ್‌ಗಳನ್ನು ಅದಲುಬದಲು ಮಾಡಿ ಬರೆಯುವ ಗೋಜಿಗೆ ಹೋಗಬೇಡಿ.

ಸಂವೇಗವೆಂದರೆ ದ್ರವ್ಯರಾಶಿ ಗುಣಿಸು ವೇಗ. ಮುಂಚೆ ಇದ್ದ ಸಂವೇಗ 15 × 2, ಅಂದರೆ 30. ಗ್ರಾಂ ಮತ್ತು ಮೀಟರಿನಲ್ಲೇ ಇಟ್ಟುಕೊಂಡಿದ್ದೇವೆ. ಸಮೀಕರಣದ ಎರಡೂ ಬದಿಯಲ್ಲಿ ಅದೇ ಮಾನ ಇರುವವರೆಗೆ ಕಿಲೋಗ್ರಾಮಿಗೆ ಬದಲಿಸುವ ಅಗತ್ಯ ಇಲ್ಲ. ಈಗ ಎರಡು ದಿಕ್ಕಿಗೆ ಎರಡು ಸಾಲು:

```
x:  30 = 15·v1·cos 17° + 5·v2·cos 30°
y:   0 = 15·v1·sin 17° − 5·v2·sin 30°
```

ಮೊದಲು y ಸಾಲನ್ನು ಹಿಡಿಯಿರಿ. ಎಡಬದಿಯಲ್ಲಿ ಸೊನ್ನೆ ಇರುವುದರಿಂದ ಅದು v1, v2ಗಳ ನಡುವಿನ ಸಂಬಂಧವನ್ನು ಒಂದೇ ಹೆಜ್ಜೆಯಲ್ಲಿ ಕೊಡುತ್ತದೆ. ಸೈನ್ 17 ಎಂದರೆ 0.2924, ಸೈನ್ 30 ಎಂದರೆ 0.5.

```
v2 = (15 × 0.2924) / (5 × 0.5) × v1 = 1.754·v1
```

ಇದನ್ನು x ಸಾಲಿಗೆ ಹಾಕಿ. ಕೊಸೈನ್ 17 ಎಂದರೆ 0.9563, ಕೊಸೈನ್ 30 ಎಂದರೆ 0.8660.

```
30 = 14.34·v1 + 4.33 × 1.754·v1 = 21.94·v1
v1 = 1.367
v2 = 2.398
```

ಸ್ಟ್ರೈಕರ್ ಸೆಕೆಂಡಿಗೆ 1.37 ಮೀಟರ್, ಕಾಯಿನ್ ಸೆಕೆಂಡಿಗೆ 2.40 ಮೀಟರ್. ಕಾಯಿನ್‌ನ ವೇಗ ಸ್ಟ್ರೈಕರಿಗೆ ಮೊದಲು ಇದ್ದ ವೇಗಕ್ಕಿಂತಲೂ ಹೆಚ್ಚು! ಇದನ್ನು ಕಂಡು ಉತ್ತರ ತಪ್ಪೆಂದು ಹೊಡೆದುಹಾಕುವವರನ್ನು ನೋಡಿದ್ದೇನೆ. ತಪ್ಪಲ್ಲ. ಭಾರದ ವಸ್ತು ಹಗುರದ್ದಕ್ಕೆ ಬಡಿದಾಗ ಹಗುರದ್ದು ಹೀಗೆಯೇ ಓಡುತ್ತದೆ. ವೇಗ ಹೆಚ್ಚಿದರೂ ಸಂವೇಗ 5 × 2.398, ಅಂದರೆ 12 ಮಾತ್ರ, ಮೊದಲಿದ್ದ 30ಕ್ಕಿಂತ ಬಹಳ ಕಡಿಮೆ.

ಉತ್ತರವನ್ನು ಅಲ್ಲಿಗೇ ಬಿಡಬೇಡಿ, ಎರಡೂ ಸಾಲುಗಳಿಗೆ ಮರಳಿ ಹಾಕಿ. ಅಡ್ಡ ದಿಕ್ಕಿನಲ್ಲಿ ಸ್ಟ್ರೈಕರಿಗೆ 19.6, ಕಾಯಿನ್‌ಗೆ 10.4, ಸೇರಿದರೆ 30. ಲಂಬ ದಿಕ್ಕಿನಲ್ಲಿ ಮೇಲಕ್ಕೆ 6.0, ಕೆಳಕ್ಕೆ 6.0. ಹೊಂದಿತು.

ಕೋನಮಾಪಕದಿಂದಲೇ ಉತ್ತರ

ಸಮೀಕರಣವೇ ಇಲ್ಲದೆ ಇದೇ ಉತ್ತರ ಪಡೆಯುವ ಒಂದು ದಾರಿ ಇದೆ. ತರಗತಿಗಳಲ್ಲಿ ಇದನ್ನು ಹೆಚ್ಚಾಗಿ ತೋರಿಸುವುದಿಲ್ಲ, ತೋರಿಸಬೇಕು. ಡಿಕ್ಕಿಯ ನಂತರದ ಎರಡು ಸಂವೇಗಗಳ ಬಾಣಗಳನ್ನು ಒಂದರ ತುದಿಗೆ ಇನ್ನೊಂದರ ಬಾಲ ಸೇರಿಸಿ ಇಟ್ಟರೆ ಅವು ಮೊದಲಿನ ಸಂವೇಗದ ಬಾಣದ ತುದಿಯನ್ನೇ ಮುಟ್ಟಬೇಕು. ಎರಡು ದಿಕ್ಕಿನಲ್ಲೂ ಸಂವೇಗ ಉಳಿಯುತ್ತದೆ ಎಂಬುದನ್ನು ಚಿತ್ರದಲ್ಲಿ ಹೇಳಿದರೆ ಇಷ್ಟೇ: ತ್ರಿಭುಜ ಮುಚ್ಚಿಕೊಳ್ಳಬೇಕು.

10 ಸೆಂ.ಮೀ. ಉದ್ದದ ಅಡ್ಡಗೆರೆ ಎಳೆಯಿರಿ. ಅದು 30 ಸಂವೇಗ, ಅಂದರೆ 1 ಸೆಂ.ಮೀ.ಗೆ 3. ಎಡತುದಿಯಲ್ಲಿ ಕೋನಮಾಪಕ ಇಟ್ಟು 17 ಡಿಗ್ರಿ ಮೇಲ್ಮುಖವಾಗಿ ಒಂದು ಗೆರೆ ಎಳೆಯಿರಿ. ಬಲತುದಿಯಲ್ಲಿ 30 ಡಿಗ್ರಿ ಅಳೆದು ಎಡಕ್ಕೆ ಮೇಲ್ಮುಖವಾಗಿ ಇನ್ನೊಂದು ಗೆರೆ. ಎರಡೂ ಒಂದು ಕಡೆ ಕೂಡುತ್ತವೆ. ಎಡತುದಿಯಿಂದ ಕೂಡುವ ಬಿಂದುವಿಗೆ ಸ್ಟ್ರೈಕರಿನ ಸಂವೇಗ, ಅಲ್ಲಿಂದ ಬಲತುದಿಗೆ ಇಳಿಯುವುದು ಕಾಯಿನ್‌ನ ಸಂವೇಗ. ಸ್ಕೇಲಿನಿಂದ ಅಳೆಯಿರಿ. ಮೊದಲನೆಯದು 6.8 ಸೆಂ.ಮೀ., ಎರಡನೆಯದು 4.0 ಸೆಂ.ಮೀ. ಬರುತ್ತದೆ. ಮೂರರಿಂದ ಗುಣಿಸಿದರೆ 20.4 ಮತ್ತು 12. ಆಯಾ ದ್ರವ್ಯರಾಶಿಯಿಂದ ಭಾಗಿಸಿದರೆ 1.36 ಮತ್ತು 2.40. ಪೆನ್ಸಿಲ್ಲಿನ ದಪ್ಪಕ್ಕೆ ಇಷ್ಟು ನಿಖರತೆ ಸಾಕು.

ಈ ತ್ರಿಭುಜದ ಗೆರೆಗಳು ಸಂವೇಗಗಳು, ವೇಗಗಳಲ್ಲ ಎಂಬುದನ್ನು ಮರೆಯಬೇಡಿ. ಎರಡು ವೇಗಗಳ ಬಾಣಗಳನ್ನು ಹೀಗೆ ಜೋಡಿಸಿದರೆ ದ್ರವ್ಯರಾಶಿ ಬೇರೆಬೇರೆ ಇರುವಾಗ ತ್ರಿಭುಜ ಮುಚ್ಚಿಕೊಳ್ಳುವುದಿಲ್ಲ. ದ್ರವ್ಯರಾಶಿಯನ್ನು ಬಿಟ್ಟು ವೇಗಗಳಲ್ಲೇ ಸಮೀಕರಣ ಬರೆಯುವ ತಪ್ಪೂ ಇದೇ ಬಗೆಯದು. ಹಾಗೆ ಬರೆದರೆ y ಸಾಲಿನಿಂದ ಕಾಯಿನ್‌ನ ವೇಗ ಸ್ಟ್ರೈಕರಿನದರ ಅರ್ಧದ ಹತ್ತಿರ ಬರುತ್ತದೆ. ಹಗುರ ಕಾಯಿನ್ ಹಿಂದೆ ಬಿದ್ದು ಸ್ಟ್ರೈಕರ್ ಮುಂದೆ ಓಡಿತು ಎಂದಾಯಿತು. ಬೋರ್ಡಿನ ಮೇಲೆ ನಡೆಯುವುದು ಅದರ ತದ್ವಿರುದ್ಧ.

ತ್ರಿಭುಜ ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ. ಕೋನಗಳು ಮಾತ್ರ ಗೊತ್ತಿದ್ದು ಸ್ಟ್ರೈಕರಿನ ಮೊದಲ ವೇಗ ಗೊತ್ತಿಲ್ಲದಿದ್ದರೂ ತ್ರಿಭುಜದ ಆಕಾರ ಬದಲಾಗುವುದಿಲ್ಲ, ಗಾತ್ರ ಮಾತ್ರ ಬದಲಾಗುತ್ತದೆ. ಆದ್ದರಿಂದ ಸ್ಟ್ರೈಕರ್ ತನ್ನ ವೇಗದ 68 ಶೇಕಡಾ ಉಳಿಸಿಕೊಂಡಿತು, ಕಾಯಿನ್ ಅದರ 1.2 ಪಟ್ಟು ವೇಗ ಪಡೆಯಿತು ಎಂದು ಕೋನಗಳಿಂದಲೇ ಹೇಳಬಹುದು. ಒಂದು ಎಚ್ಚರಿಕೆ ಇದೆ. ನೇರ ಎದುರಿನ ಹೊಡೆತದಲ್ಲಿ ಎರಡೂ ಕೋನ ಸೊನ್ನೆಯಾಗಿ ತ್ರಿಭುಜ ಗೆರೆಯಾಗಿ ಚಪ್ಪಟೆಯಾಗುತ್ತದೆ. ಆಗ ಕೋನಗಳು ಏನನ್ನೂ ಹೇಳಲಾರವು. ಕೋನಗಳು ಐದಾರು ಡಿಗ್ರಿಗಿಂತ ಚಿಕ್ಕದಾಗಿದ್ದರೂ ಅಳತೆಯ ತಪ್ಪೇ ಉತ್ತರವನ್ನು ನುಂಗಿಹಾಕುತ್ತದೆ.

ಕೋನಗಳಿಂದ ಡಿಕ್ಕಿಯನ್ನು ಓದುವ ಈ ಉಪಾಯ ಬೋರ್ಡಿಗಷ್ಟೇ ಸೀಮಿತವಲ್ಲ. 1920ರ ದಶಕದಲ್ಲಿ ಕೇಂಬ್ರಿಡ್ಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಕ್ಲೌಡ್ ಚೇಂಬರಿನಲ್ಲಿ ಆಲ್ಫಾ ಕಣಗಳ ಜಾಡುಗಳನ್ನು ಫೋಟೊ ತೆಗೆಯುತ್ತಿದ್ದರು. ಆಲ್ಫಾ ಕಣ ಅನಿಲದ ಪರಮಾಣುವಿಗೆ ಬಡಿದಾಗ ಜಾಡು ಕವಲೊಡೆಯುತ್ತಿತ್ತು. ಕವಲಿನ ಎರಡು ಕೋನಗಳನ್ನು ಅಳೆದು ಸಂವೇಗ ಮತ್ತು ಶಕ್ತಿಯ ಲೆಕ್ಕ ಹೊಂದುತ್ತದೆಯೇ ಎಂದು ಅವರು ನೋಡಿದರು. ಸುಮಾರು 23,000 ಫೋಟೊಗಳಲ್ಲಿ ಎಂಟು ಕವಲುಗಳು ಮಾತ್ರ ಸಾಮಾನ್ಯ ಡಿಕ್ಕಿಯ ಮಾದರಿಗೆ ಒಗ್ಗಲಿಲ್ಲ. ಅಲ್ಲಿ ಸಾರಜನಕದ ಪರಮಾಣು ಬೀಜ ಆಲ್ಫಾ ಕಣವನ್ನು ನುಂಗಿ ಪ್ರೋಟಾನ್ ಒಂದನ್ನು ಹೊರಹಾಕಿತ್ತು. 1925ರಲ್ಲಿ ಅದು ಪ್ರಕಟವಾಯಿತು. 1948ರಲ್ಲಿ ಬ್ಲ್ಯಾಕೆಟ್‌ಗೆ ನೊಬೆಲ್ ಪ್ರಶಸ್ತಿ ಬಂತು.

ಶಕ್ತಿಯ ಪರೀಕ್ಷೆ

ಸಂವೇಗದ ಎರಡು ಸಾಲು ಹೊಂದಿದ ಮಾತ್ರಕ್ಕೆ ಉತ್ತರ ಸರಿ ಎನ್ನಲಾಗದು. ಯಾವ ಕೋನಗಳನ್ನು ಹಾಕಿದರೂ ಆ ಎರಡು ಸಾಲುಗಳು ಯಾವುದೋ ಒಂದು ವೇಗವನ್ನು ಕೊಟ್ಟೇ ಕೊಡುತ್ತವೆ, ಅಂಥ ಡಿಕ್ಕಿ ಲೋಕದಲ್ಲಿ ಸಾಧ್ಯವೇ ಇಲ್ಲದಿದ್ದರೂ. ಸಾಧ್ಯವೇ ಎಂದು ತೀರ್ಮಾನಿಸುವುದು ಚಲನಶಕ್ತಿ.

ಚಲನಶಕ್ತಿ ಎಂದರೆ ಅರ್ಧ ಗುಣಿಸು ದ್ರವ್ಯರಾಶಿ ಗುಣಿಸು ವೇಗದ ವರ್ಗ. ಗ್ರಾಂ ಮತ್ತು ಮೀಟರಿನಲ್ಲಿ ಲೆಕ್ಕ ಹಾಕಿದರೆ ಉತ್ತರ ಮಿಲಿಜೂಲ್‌ನಲ್ಲಿ ಬರುತ್ತದೆ. ಮುಂಚೆ ಇದ್ದದ್ದು 30 ಮಿಲಿಜೂಲ್. ನಂತರ ಸ್ಟ್ರೈಕರಿನಲ್ಲಿ 14.0, ಕಾಯಿನ್‌ನಲ್ಲಿ 14.4, ಒಟ್ಟು 28.4. ಶಕ್ತಿಗೆ ದಿಕ್ಕಿಲ್ಲ ಎಂಬುದನ್ನು ಗಮನಿಸಿ. ಇಲ್ಲಿ ಸೈನ್ ಕೊಸೈನ್ ಯಾವುದೂ ಬರುವುದಿಲ್ಲ. ಶಕ್ತಿಯನ್ನೂ x, y ಎಂದು ಒಡೆದು ಬರೆದ ಉತ್ತರಪತ್ರಿಕೆಗಳು ಕಡಿಮೆಯೇನಿಲ್ಲ. ಅದಕ್ಕೆ ಅರ್ಥವಿಲ್ಲ.

30ರಲ್ಲಿ 28.4 ಉಳಿಯಿತು, 1.6 ಹೋಯಿತು. 'ಟಕ್' ಎಂದು ಕೇಳಿಸಿತಲ್ಲ, ಆ ಸದ್ದಿಗೆ ಸ್ವಲ್ಪ ಹೋಯಿತು. ತಗುಲಿದ ಜಾಗ ಬೆಚ್ಚಗಾದದ್ದಕ್ಕೆ ಸ್ವಲ್ಪ. ಅಂಚುಗಳು ಉಜ್ಜಿಕೊಂಡು ಬಿಲ್ಲೆಗಳು ಗಿರಗಿರ ತಿರುಗಿದರೆ ಅದಕ್ಕೂ ಸ್ವಲ್ಪ. ಈ ಉಜ್ಜಾಟದಿಂದಾಗಿಯೇ ನಿಜವಾದ ಬೋರ್ಡಿನಲ್ಲಿ ಕಾಯಿನ್ ಕೇಂದ್ರಗಳ ಗೆರೆಯಿಂದ ತುಸು ಆಚೀಚೆ ಹೋಗುವುದುಂಟು. ಆದರೂ ನಮ್ಮ ಎರಡು ಸಾಲುಗಳಿಗೆ ಧಕ್ಕೆ ಇಲ್ಲ. ಬಿಲ್ಲೆಗಳು ಒಂದಕ್ಕೊಂದು ಹೇಗೆ ತಳ್ಳಲಿ, ಹೇಗೆ ಉಜ್ಜಲಿ, ಒಂದಕ್ಕೆ ಸಿಕ್ಕ ಸಂವೇಗ ಇನ್ನೊಂದರಿಂದಲೇ ಬಂದಿರುತ್ತದೆ. ಆ ಕಾರಣಕ್ಕೇ ಕೇಂದ್ರಗಳ ಗೆರೆಯನ್ನು ನಂಬದೆ ಕಣ್ಣಿಗೆ ಕಂಡ ಕೋನಗಳನ್ನು ಅಳೆದು ಲೆಕ್ಕಕ್ಕೆ ಇಳಿಯುವುದು ಮೇಲು.

ಈಗ ಒಂದು ಅಸಾಧ್ಯದ ಉದಾಹರಣೆ. ಕಾಯಿನ್ 30 ಡಿಗ್ರಿಗೇ ಹೋಗಿ ಸ್ಟ್ರೈಕರ್ 17ರ ಬದಲು 25 ಡಿಗ್ರಿ ತಿರುಗಿತು ಎಂದು ಯಾರೋ ಅಳೆದು ತಂದರು ಎನ್ನಿ. ಸಂವೇಗದ ಸಾಲುಗಳು ಸದ್ದಿಲ್ಲದೆ ಉತ್ತರ ಕೊಡುತ್ತವೆ: ಸ್ಟ್ರೈಕರ್ 1.22, ಕಾಯಿನ್ 3.10. ಶಕ್ತಿ ಕೂಡಿ ನೋಡಿ. 11.2 ಮತ್ತು 24.0, ಒಟ್ಟು 35 ದಾಟಿತು. ಇದ್ದದ್ದು 30. ಡಿಕ್ಕಿಯಲ್ಲಿ ಶಕ್ತಿ ಹುಟ್ಟುವುದಿಲ್ಲ, ಆದ್ದರಿಂದ ಅಳತೆಯೇ ತಪ್ಪು. ಶಕ್ತಿ ಒಂದಿಷ್ಟೂ ಪೋಲಾಗದ ಡಿಕ್ಕಿಯಲ್ಲಿ, ಅಂದರೆ ಪುಸ್ತಕ ಹೇಳುವ ಸ್ಥಿತಿಸ್ಥಾಪಕ ಡಿಕ್ಕಿಯಲ್ಲಿ, ಕಾಯಿನ್ 30 ಡಿಗ್ರಿಗೆ ಹೋದಾಗ ಸ್ಟ್ರೈಕರ್ ತಿರುಗುವುದು 19.1 ಡಿಗ್ರಿ. ಅದಕ್ಕಿಂತ ಹೆಚ್ಚಾಗುವಂತಿಲ್ಲ.

ಇನ್ನೂ ದೊಡ್ಡ ಮಿತಿ ಒಂದಿದೆ. ಭಾರದ ವಸ್ತು ನಿಂತಿರುವ ಹಗುರದ ವಸ್ತುವಿಗೆ ಬಡಿದಾಗ, ಎಷ್ಟೇ ಪಕ್ಕಕ್ಕೆ ಬಡಿಯಲಿ, ಅದು ಒಂದು ಕೋನಕ್ಕಿಂತ ಹೆಚ್ಚು ತಿರುಗಲಾರದು. ಆ ಕೋನದ ಸೈನ್, ಹಗುರದ್ದರ ದ್ರವ್ಯರಾಶಿಯನ್ನು ಭಾರದ್ದರಿಂದ ಭಾಗಿಸಿದಷ್ಟು. ನಮ್ಮಲ್ಲಿ ಅದು ಮೂರರಲ್ಲೊಂದು, ಅಂದರೆ 19.5 ಡಿಗ್ರಿ. ಒಂಟಿ ಕಾಯಿನ್‌ಗೆ ಒಮ್ಮೆ ಬಡಿದ 15 ಗ್ರಾಂ ಸ್ಟ್ರೈಕರ್ 19.5 ಡಿಗ್ರಿಗಿಂತ ಹೆಚ್ಚು ವಾಲಿದ್ದು ನಿಮ್ಮ ಚಿತ್ರದಲ್ಲಿ ಕಂಡರೆ ಅಕ್ಷ ತಪ್ಪಾಗಿದೆ, ಅಥವಾ ಸ್ಟ್ರೈಕರ್ ಇನ್ನೊಂದು ಕಾಯಿನನ್ನೂ ತಾಗಿದೆ. ಎರಡೂ ದ್ರವ್ಯರಾಶಿ ಸಮವಾಗಿದ್ದರೆ ಕಥೆಯೇ ಬೇರೆ. ಆಗ ಸ್ಥಿತಿಸ್ಥಾಪಕ ಡಿಕ್ಕಿಯಲ್ಲಿ ಎರಡು ದಾರಿಗಳ ನಡುವೆ ಸದಾ 90 ಡಿಗ್ರಿ. ಬಿಲಿಯರ್ಡ್ಸ್ ಚೆಂಡಿನ ಪ್ರಶ್ನೆಯಲ್ಲಿ ಗುರಿಯ ಚೆಂಡು 37 ಡಿಗ್ರಿಗೆ ಹೋದರೆ ಹೊಡೆದ ಚೆಂಡು 53 ಡಿಗ್ರಿಗೆ ಹೋಗುತ್ತದೆ ಎಂಬ ಉತ್ತರ ಬರುವುದು ಹಾಗಾಗಿ. ಆ 90ನ್ನು ಕೇರಂಗೂ ಹಚ್ಚಿ ಮೋಸ ಹೋಗಬೇಡಿ. ನಮ್ಮ ಹೊಡೆತದಲ್ಲಿ ಎರಡು ಬಾಣಗಳ ನಡುವೆ ಇದ್ದದ್ದು 47 ಡಿಗ್ರಿ.

ಮನೆಯಲ್ಲಿ ಅಳೆಯುವಾಗ

ಬೋರ್ಡಿಗೆ ಪೌಡರ್ ಉದುರಿಸಿ ಒರೆಸಿ, ಒಂದು ಕಾಯಿನ್ ಮಾತ್ರ ಇಟ್ಟು, ಮೊಬೈಲನ್ನು ನೇರ ಮೇಲಿನಿಂದ ಹಿಡಿದು ನಿಧಾನಗತಿಯ ವಿಡಿಯೊ ತೆಗೆಯಿರಿ. ಸೆಕೆಂಡಿಗೆ 30 ಚಿತ್ರ ತೆಗೆಯುವ ಸಾಧಾರಣ ವಿಡಿಯೊದಲ್ಲಿ, 2 ಮೀಟರ್ ವೇಗದ ಸ್ಟ್ರೈಕರ್ ಒಂದು ಚಿತ್ರದಿಂದ ಮುಂದಿನದಕ್ಕೆ ಸುಮಾರು 7 ಸೆಂ.ಮೀ. ಜಿಗಿದಿರುತ್ತದೆ. 240 ಚಿತ್ರಗಳಾದರೆ 1 ಸೆಂಟಿಮೀಟರಿಗೂ ಕಡಿಮೆ, ದಾರಿ ಸ್ಪಷ್ಟವಾಗಿ ಕಾಣುತ್ತದೆ. ಮೊಬೈಲ್ ಓರೆಯಾಗಿದ್ದರೆ ಕೋನಗಳೆಲ್ಲ ಕೆಡುತ್ತವೆ. ಪರದೆಯ ಮೇಲೆ ಬೋರ್ಡಿನ ಚೌಕ ಚೌಕವಾಗಿಯೇ ಕಾಣುತ್ತಿದೆಯೇ, ನಾಲ್ಕೂ ಬದಿ ಸಮವೇ ಎಂದು ಮೊದಲು ಸ್ಕೇಲಿಟ್ಟು ನೋಡಿಕೊಳ್ಳಿ.

ಪರದೆಯ ಮೇಲೆ ತೆಳು ಹಾಳೆ ಇಟ್ಟು ಪ್ರತಿ ಚಿತ್ರದಲ್ಲೂ ಬಿಲ್ಲೆಯ ಕೇಂದ್ರಕ್ಕೆ ಚುಕ್ಕೆ ಹಾಕುತ್ತಾ ಹೋಗಿ. ಅಂಚಿಗಲ್ಲ, ಕೇಂದ್ರಕ್ಕೆ. ಚುಕ್ಕೆಗಳ ಮೇಲೆ ಸ್ಕೇಲಿಟ್ಟು ಗೆರೆ ಎಳೆದು ಕೋನ ಅಳೆಯಿರಿ. ಇಲ್ಲಿ ಅದೃಷ್ಟವೆಂಬಂತೆ ಒಂದು ಅನುಕೂಲ ಇದೆ. ಬೋರ್ಡಿನ ಉಜ್ಜಾಟ ಬಿಲ್ಲೆಯ ವೇಗ ತಗ್ಗಿಸುತ್ತದೆ, ಆದರೆ ಅದು ಹೋಗುವ ದಿಕ್ಕಿಗೆ ನೇರ ಎದುರಾಗಿಯೇ ಎಳೆಯುವುದರಿಂದ ದಿಕ್ಕನ್ನು ಬದಲಿಸುವುದಿಲ್ಲ. ಹೀಗಾಗಿ ಡಿಕ್ಕಿಯಿಂದ ಹತ್ತು ಸೆಂಟಿಮೀಟರ್ ಆಚೆ ಅಳೆದ ವೇಗ ತಪ್ಪಾಗಬಹುದು, ಅಳೆದ ಕೋನ ಮಾತ್ರ ಹಾಗೆಯೇ ಇರುತ್ತದೆ. ಅಂಚಿಗೆ ಬಡಿದು ವಾಪಸಾದ ಮೇಲಿನ ಚುಕ್ಕೆಗಳನ್ನು ಮಾತ್ರ ಕೈಬಿಡಿ.

ಕೋನದಲ್ಲಿ ಒಂದು ಡಿಗ್ರಿ ತಪ್ಪಿದರೆ ಎಷ್ಟು ನಷ್ಟ? 17ನ್ನು 18 ಎಂದು ಓದಿದಿರಿ ಎನ್ನಿ. ವೇಗಗಳು 1.35 ಮತ್ತು 2.50 ಆಗುತ್ತವೆ, ದೊಡ್ಡ ವ್ಯತ್ಯಾಸವಲ್ಲ. ಆದರೆ ಉಳಿದ ಶಕ್ತಿ 28.4ರಿಂದ 29.1ಕ್ಕೆ ಏರುತ್ತದೆ. ಪೋಲಾದ ಶಕ್ತಿ ಅರ್ಧಕ್ಕರ್ಧ ಕಡಿಮೆಯಾಗಿ ಕಾಣುತ್ತದೆ. ವೇಗಗಳ ಮಟ್ಟಿಗೆ ಮನೆಯ ಅಳತೆಯನ್ನು ನಂಬಬಹುದು. ಡಿಕ್ಕಿ ಎಷ್ಟರಮಟ್ಟಿಗೆ ಸ್ಥಿತಿಸ್ಥಾಪಕ ಎಂಬ ತೀರ್ಪನ್ನು ಒಂದೇ ಹೊಡೆತದಿಂದ ಕೊಡಬಾರದು. ಕಾಯಿನನ್ನು ಅದೇ ಜಾಗದಲ್ಲಿಟ್ಟು ಹಲವು ಸಲ ಹೊಡೆದು ಸರಾಸರಿ ತೆಗೆಯಬೇಕು.

ಲೆಕ್ಕ ಮಾಡುವಾಗ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೇ ಎಂಬುದನ್ನೂ ನೋಡಿ. ರೇಡಿಯನ್‌ನಲ್ಲಿದ್ದರೆ ಸೈನ್ 17ಕ್ಕೆ ಅದು ಮೈನಸ್ 0.96 ತೋರಿಸುತ್ತದೆ. ಸೊನ್ನೆಯಿಂದ 90 ಡಿಗ್ರಿಯೊಳಗಿನ ಕೋನದ ಸೈನ್ ಮೈನಸ್ ಆಗುವುದಿಲ್ಲ, ಅಲ್ಲೇ ಗೊತ್ತಾಗಬೇಕು. ಸೈನ್, ಕೊಸೈನ್ ಅದಲುಬದಲಾಗಿದ್ದರೆ ಚಿತ್ರವೇ ಹೇಳುತ್ತದೆ. 17 ಡಿಗ್ರಿಯ ಬಾಣ ಹೆಚ್ಚಾಗಿ ಮುಂದಕ್ಕೇ ಹೋಗುತ್ತಿದೆ, ಅದರ ಅಡ್ಡ ಭಾಗ ಲಂಬ ಭಾಗಕ್ಕಿಂತ ದೊಡ್ಡದಿರಬೇಕು.

ಕೈಯಾರೆ ಮಾಡಿ ನೋಡಲು ಇನ್ನೊಂದು ಹೊಡೆತ ಕೊಡುತ್ತೇನೆ. ಅದೇ 15 ಗ್ರಾಂ ಸ್ಟ್ರೈಕರ್, ಅದೇ 2 ಮೀಟರ್ ವೇಗ, ಅದೇ 5 ಗ್ರಾಂ ಕಾಯಿನ್. ಈ ಸಲ ಕಾಯಿನ್ 45 ಡಿಗ್ರಿಗೆ, ಸ್ಟ್ರೈಕರ್ 16 ಡಿಗ್ರಿಗೆ ಹೋಗಿವೆ. ಮೊದಲು ತ್ರಿಭುಜ ಬರೆದು ಅಳೆಯಿರಿ, ಆಮೇಲೆ ಸಮೀಕರಣದಿಂದ ಮಾಡಿ. ತ್ರಿಭುಜದ ಬದಿಗಳು 8.1 ಮತ್ತು 3.2 ಸೆಂ.ಮೀ. ಹತ್ತಿರ ಬರಬೇಕು, ಸ್ಟ್ರೈಕರಿನ ವೇಗ 1.62, ಕಾಯಿನ್‌ನದು 1.89, ಉಳಿದ ಶಕ್ತಿ 28.5 ಮಿಲಿಜೂಲ್. ನಿಮ್ಮ ಉತ್ತರ 30 ದಾಟಿದರೆ ಚಿತ್ರಕ್ಕೆ ಮರಳಿ ಹೋಗಿ, ಎರಡೂ ಕೋನಗಳನ್ನು ಚುಕ್ಕಿಗೆರೆಯಿಂದಲೇ ಅಳೆದಿದ್ದೀರಾ ನೋಡಿ.